ನೆಗಡಿ ಐದು ದಿನ, ಕೆಮ್ಮು ಐದು ವಾರ: ಬಚ್ಚಲೊಲೆ ಹೊಗೆಯ ಕೆಲಸವಾ?

ಹುಲೇಕಲ್ ಸೊಸೆ · ಜುಲೈ 9, ಬೆಳಿಗ್ಗೆ 11:20

ಜೂನ್ ಮೊದಲ ವಾರ ಮನೆಯಲ್ಲಿ ಎಲ್ಲರಿಗೂ ಒಂದೇ ನೆಗಡಿ ಬಂತು. ಮಗ ಶಾಲೆಯಿಂದ ತಂದಿದ್ದು. ಅವನಿಗೆ ಆರು ದಿನಕ್ಕೆ ಹೋಯಿತು. ನನಗೆ ಹತ್ತು ದಿನ. ನಮ್ಮವರು ಶಿರಸಿ ಪೇಟೆಯಲ್ಲಿ ರೂಮು ಮಾಡಿಕೊಂಡಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ, ಅವರಿಗೂ ಒಂದು ವಾರ ಅಷ್ಟೆ. ಅತ್ತೆಗೆ ಮಾತ್ರ ಮೂಗು ಸೋರುವುದು ಐದೇ ದಿನಕ್ಕೆ ನಿಂತರೂ ಕೆಮ್ಮು ಇವತ್ತಿಗೆ ಐದು ವಾರ. ಹೋದ ಮಳೆಗಾಲದಲ್ಲೂ ಹೀಗೇ ಆಗಿತ್ತು. ವಯಸ್ಸು 66. ಶುಗರ್ ಇಲ್ಲ, ಬೀಡಿ ಸಿಗರೇಟು ಇಲ್ಲ, ಎಲೆ ಅಡಿಕೆ ಇದೆ.

ಅಡುಗೆ ಎಲ್ಲ ಗೋಬರ್ ಗ್ಯಾಸು, ಸಾಲದಿದ್ದರೆ ಸಿಲಿಂಡರು. ಹಾಗಾಗಿ "ನಮ್ಮನೆಯಲ್ಲಿ ಹೊಗೆ ಎಲ್ಲಿದೆ" ಅಂತ ಎಲ್ಲರೂ ಕೇಳುತ್ತಾರೆ. ಆದರೆ ಬಚ್ಚಲೊಲೆ ಇದೆಯಲ್ಲ! ಬೆಳಿಗ್ಗೆ ಐದೂವರೆಗೆ ಹಂಡೆ ಅಡಿಗೆ ಬೆಂಕಿ ಹಾಕುವುದು ಅತ್ತೆಯ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಹಸಿ. ಅಡಿಕೆ ಸಿಪ್ಪೆ ಒಡ್ಡಿ, ಊದುಕೊಳವೆ ಹಿಡಿದು ಕಾಲು ಗಂಟೆ ಊದುತ್ತಾರೆ. ಬಚ್ಚಲಿಗೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು, ಅದೂ ಸರಿಯಾಗಿ ಮುಚ್ಚುವುದಿಲ್ಲ. ಇನ್ನು ಮಾವ ಜಗಲಿ ಮೇಲೆ ಕುಳಿತು ಬೀಡಿ ಸೇದುತ್ತಾರೆ.

ಈ ಹೊಗೆಗೂ ಕೆಮ್ಮು ಹೋಗದೇ ಇರುವುದಕ್ಕೂ ಸಂಬಂಧ ಇದೆಯಾ? ಸುಮ್ನೆ ನನ್ನ ತಲೆಗೆ ಹೊಳೆದಿದ್ದಾ?

ಬೆಟ್ಟದ ಮಾವ · ಜುಲೈ 9, ಮಧ್ಯಾಹ್ನ 1:05

ತಂಗಿ, ನೆಗಡಿ ಬರುವುದು ವೈರಸ್ಸಿನಿಂದ. ಹೊಗೆಯಿಂದ ಅಲ್ಲ. ಇದು ಶಾಲೆ ಮಕ್ಕಳಿಗೂ ಗೊತ್ತು. ಹೊಗೆ ಇದ್ದರೆ ಸೊಳ್ಳೆ ಬರುವುದಿಲ್ಲ, ಅಟ್ಟದ ಮೇಲಿನ ಅಡಿಕೆಗೆ ಬೂಸಲು ಹಿಡಿಯುವುದಿಲ್ಲ, ಜಂತಿಗೆ ಗೆದ್ದಲು ಹತ್ತುವುದಿಲ್ಲ. ಕ್ರಿಮಿ ಸಾಯುತ್ತದೆ ಅಂತ ತಾನೇ ಅರ್ಥ? ನಮ್ಮ ಅಜ್ಜಿ 91 ವರ್ಷ ಹೊಗೆಯಲ್ಲೇ ಬದುಕಿದವರು. ನೆಗಡಿ ಆದರೆ ಅರಿಶಿನ ಕೊಂಬನ್ನು ದೀಪಕ್ಕೆ ಹಿಡಿದು, ಅದರ ಹೊಗೆಯನ್ನು ಮೂಗಲ್ಲಿ ಎಳೆಯುತ್ತಿದ್ದರು. ಐದು ನಿಮಿಷದಲ್ಲಿ ಮೂಗು ಬಿಡುತ್ತಿತ್ತು. ಅತ್ತೆಗೆ ಅದನ್ನು ಮಾಡಿ ನೋಡು.

ಅಂಕೋಲಾ ಟೆಂಪೋ · ಜುಲೈ 9, ರಾತ್ರಿ 9:40

ನಾನು ಸಿಗರೇಟು ಸೇದುವವನು, ಅದಕ್ಕೆ ಹೇಳುತ್ತೇನೆ. ನೆಗಡಿ ಆದಾಗ ಪುದೀನ ತಣ್ಣಗೆ ಇರುವ ಸಿಗರೇಟು ತಗೊಳ್ಳುತ್ತೇನೆ, ಗಂಟಲಿಗೆ ಆರಾಮ. ಬೇರೆಯವರಿಗೆ ಒಂದು ವಾರದಲ್ಲಿ ಹೋಗೋ ಕೆಮ್ಮು ನನಗೆ ತಿಂಗಳು ಹಿಡಿಯುತ್ತದೆ, ಅದು ನಿಜ. ಹೋದ ವರ್ಷ ಹದಿನೈದು ದಿನ ಬಿಟ್ಟಿದ್ದೆ. ಆಗ ಕೆಮ್ಮು ಇನ್ನೂ ಜಾಸ್ತಿ ಆಯಿತು! ಹಳದಿ ಕಫ ಬೇರೆ. ಮತ್ತೆ ಶುರು ಮಾಡಿದೆ, ಕಡಿಮೆ ಆಯಿತು. ಇದಕ್ಕೇನು ಹೇಳುತ್ತೀರಿ?

ಕುಮಟಾ ಸಿಸ್ಟರ್ · ಜುಲೈ 10, ಬೆಳಿಗ್ಗೆ 6:50

ನೈಟ್ ಡ್ಯೂಟಿ ಮುಗಿಸಿ ಬಂದೆ. ಕಿವಿ ಮೂಗು ಗಂಟಲು ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಟ್ಟದ ಮಾವ ಹೇಳಿದ್ದು ಅರ್ಧ ಸರಿ. ನೆಗಡಿ ತರುವುದು ವೈರಸ್ಸೇ. ಆದರೆ ಇಲ್ಲಿ ಕೇಳಿದ್ದು ಯಾಕೆ ಬಂತು ಅಂತ ಅಲ್ಲ, ಯಾಕೆ ಹೋಗುತ್ತಿಲ್ಲ ಅಂತ.

ಮೂಗಿನಿಂದ ಹಿಡಿದು ಶ್ವಾಸಕೋಶದ ಕೊಳವೆಗಳ ತನಕ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಮೂಗಲ್ಲಿ ಕಾಣುವ ಕೂದಲಲ್ಲ, ಬೇರೆ. ಅದರ ಮೇಲೆ ತೆಳ್ಳಗೆ ಅಂಟು ಸಿಂಬಳ. ಧೂಳು, ವೈರಸ್ಸು ಎಲ್ಲ ಅಂಟಿಗೆ ಹಿಡಿಯುತ್ತದೆ. ಕೂದಲುಗಳು ಸೆಕೆಂಡಿಗೆ ಹತ್ತು ಹನ್ನೆರಡು ಸಲ ಬಡಿದು ಆ ಅಂಟನ್ನು ಗಂಟಲ ಕಡೆ ತಳ್ಳುತ್ತವೆ. ಗದ್ದೆಯಲ್ಲಿ ಗಾಳಿಗೆ ಭತ್ತದ ಪೈರು ಬಾಗುತ್ತದಲ್ಲ, ಹಾಗೆ. ನಮಗೆ ಗೊತ್ತಾಗದ ಹಾಗೆ ನುಂಗುತ್ತಾ ಇರುತ್ತೇವೆ.

ಈ ಓಟವನ್ನು ಅಳೆಯಲು ನಮ್ಮಲ್ಲಿ ಒಂದು ಸುಲಭ ಪರೀಕ್ಷೆ ಇತ್ತು. ಸಕ್ಕರೆ ಕಾಯಿಲೆಯವರು ಟೀಗೆ ಹಾಕುವ ಸ್ಯಾಕರಿನ್ ಇದೆಯಲ್ಲ, ಅದರ ಒಂದು ಸಣ್ಣ ಹರಳನ್ನು ಮೂಗಿನ ಒಳಗೆ ಸ್ವಲ್ಪ ಹಿಂದೆ ಇಡುವುದು. ಸೀನಬಾರದು, ಮೂಗು ಎಳೆಯಬಾರದು, ಸುಮ್ಮನೆ ಕುಳಿತಿರಬೇಕು. ಬಾಯಲ್ಲಿ ಸಿಹಿ ಯಾವಾಗ ಗೊತ್ತಾಗುತ್ತದೆ ಅಂತ ಗಡಿಯಾರ ನೋಡುವುದು. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ತುಂಬಾ ಸೇದುವವರು ಇಪ್ಪತ್ತೈದು ನಿಮಿಷ ಆದರೂ "ಸಿಸ್ಟರ್, ಏನೂ ಇಲ್ಲ" ಅನ್ನುತ್ತಾ ಕೂತಿರುತ್ತಿದ್ದರು.

ನೆಗಡಿ ಬಂದಾಗ ಈ ಕೂದಲಿರುವ ಜೀವಕೋಶಗಳು ಹಾಳಾಗುತ್ತವೆ, ಎಷ್ಟೋ ಕಡೆ ಉದುರುತ್ತವೆ. ಮೂಗು ಸೋರುವುದು ವಾರದಲ್ಲಿ ನಿಂತರೂ ಕೂದಲು ಮತ್ತೆ ಬೆಳೆದು ಒಟ್ಟಿಗೆ ಬಡಿಯಲು ಎರಡು ಮೂರು ವಾರ ಬೇಕು. ಆರೋಗ್ಯವಂತರಿಗೂ ನೆಗಡಿ ನಂತರದ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ. ಕೂದಲು ಕೆಲಸ ಮಾಡದಿದ್ದಾಗ ಕಫ ಎತ್ತಲು ಇರುವ ದಾರಿ ಕೆಮ್ಮು ಒಂದೇ.

ಈಗ ಅತ್ತೆಯವರ ಕಡೆ ಬನ್ನಿ. ಹೊಸ ಕೂದಲು ಬರುವ ಹೊತ್ತಲ್ಲಿ ದಿನಾ ಬೆಳಿಗ್ಗೆ ಹೊಗೆ. ಸಿಗರೇಟಿನ ಹೊಗೆಯಲ್ಲೂ ಕಟ್ಟಿಗೆ ಹೊಗೆಯಲ್ಲೂ ಕಣ್ಣು ಉರಿಸುವ ಅಕ್ರೋಲಿನ್ ಅನ್ನುವ ಆವಿ ಇದೆ. ಅದು ಕೂದಲಿನ ಬಡಿತ ನಿಲ್ಲಿಸುತ್ತದೆ, ಸಿಂಬಳವನ್ನು ದಪ್ಪ ಮಾಡುತ್ತದೆ. ಕಣ್ಣಲ್ಲಿ ನೀರು ಬರುವಷ್ಟು ಹೊಗೆ ಅಂದರೆ ಮೂಗಿನ ಒಳಗೂ ಅದೇ ಉರಿ ಅಂತ ಇಟ್ಟುಕೊಳ್ಳಿ. ಇನ್ನು ಊದುಕೊಳವೆ. ಊದುವ ಮೊದಲು ಏನು ಮಾಡುತ್ತಾರೆ? ಒಲೆ ಬಾಯಿಯ ಹತ್ತಿರವೇ ಬಗ್ಗಿ ಎದೆ ತುಂಬಾ ಉಸಿರು ಎಳೆಯುತ್ತಾರೆ. ಹೊಗೆಯನ್ನೇ ಎಳೆದ ಹಾಗಲ್ವಾ?

ಅರಿಶಿನದ ಹೊಗೆಗೆ ಮೂಗು ಬಿಡುವುದು ಉರಿಗೆ ನೀರು ಸೋರುವುದರಿಂದ. ಈರುಳ್ಳಿ ಹೆಚ್ಚಿದಾಗಲೂ ಮೂಗು ಬಿಡುತ್ತದೆ. ಆ ಹೊತ್ತಿಗೆ ಹಗುರ ಅನಿಸುತ್ತದೆ, ಗಾಯದ ಮೇಲೆ ಉರಿ ಬಿದ್ದಿರುತ್ತದೆ. ಬಿಸಿನೀರಿನ ಹಬೆ ಬೇರೆ, ಹೊಗೆ ಬೇರೆ.

ಟೆಂಪೋ ಅಣ್ಣಾ, ತಣ್ಣಗಿನ ಸಿಗರೇಟು ಗಂಟಲಿನ ಉರಿಯನ್ನು ಮರೆಸುತ್ತದೆ ಅಷ್ಟೆ. ಅದೇ ಕಾರಣಕ್ಕೆ ಜನ ಇನ್ನೂ ಆಳವಾಗಿ ಎಳೆಯುತ್ತಾರೆ. ಬಿಟ್ಟಾಗ ಕೆಮ್ಮು ಜಾಸ್ತಿ ಆಗುವುದು ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಕೂದಲು ಎದ್ದು ಹಳೆಯ ಕಫ ಹೊರಗೆ ಹಾಕುತ್ತಿದೆ ಅಂತ ತಿಳಿಯಿರಿ. ಮತ್ತೆ ಸೇದಿದಾಗ ಕೆಮ್ಮು ಇಳಿದಿದ್ದು ವಾಸಿಯಾಗಿ ಅಲ್ಲ, ಕೂದಲು ಮತ್ತೆ ಮಲಗಿದ್ದರಿಂದ.

ಸೊಸೆಯವರೇ, ಹೊಗೆ ಮಾತು ಆಮೇಲೆ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಟಿಬಿ ಅಲ್ಲ ಅಂತ ಖಾತ್ರಿ ಆಗಲಿ. ದುಡ್ಡು ಕೊಡಬೇಕಿಲ್ಲ.

ಬೈತಖೋಲ್ ಬಂಗಡೆ · ಜುಲೈ 10, ಸಂಜೆ 4:15

ಒಳ್ಳೆ ಚರ್ಚೆ. ನಮ್ಮದು ಕಾರವಾರದಲ್ಲಿ ಫ್ಲಾಟು. ಅಡುಗೆಮನೆಗೆ ಚಿಮಣಿ ಹಾಕಿಸಬೇಕು. ಪೈಪಿಲ್ಲದ ಮಾಡೆಲ್ಲು ಅಗ್ಗಕ್ಕೆ ಸಿಗುತ್ತಿದೆ, ಗೋಡೆ ಒಡೆಯೋ ರಗಳೆ ಇಲ್ಲ. ಯಾರಾದರೂ ಬಳಸಿದ್ದೀರಾ?

ಹುಲೇಕಲ್ ಸೊಸೆ · ಜುಲೈ 10, ಸಂಜೆ 5:02

ಅಣ್ಣಾ, ನಾನು ಕೇಳಿದ್ದು ಬಚ್ಚಲೊಲೆ ವಿಷಯ. ಆ ಚಿಮಣಿ ಅಲ್ಲ.

ಕುಮಟಾ ಸಿಸ್ಟರ್ · ಜುಲೈ 10, ರಾತ್ರಿ 8:30

ಇರಲಿ, ಅದಕ್ಕೂ ಇದಕ್ಕೂ ನೆಂಟು ಇದೆ. ಪೈಪಿಲ್ಲದ್ದು ಗಾಳಿಯನ್ನು ಜಾಲರಿಯಲ್ಲಿ ಸೋಸಿ ಅಡುಗೆಮನೆಗೇ ವಾಪಸು ಬಿಡುತ್ತದೆ. ಜಿಡ್ಡು ಹಿಡಿಯುತ್ತದೆ, ಸಣ್ಣ ಹೊಗೆ ಹೆಚ್ಚಿನದು ಉಳಿಯುತ್ತದೆ. ಗ್ಯಾಸಿನಲ್ಲೇ ಬಂಗಡೆ ಕಾಯಿಸಿದರೂ ಎಣ್ಣೆ ಹೊಗೆ ಏಳುತ್ತದೆ, ಒಗ್ಗರಣೆ ಮೆಣಸಿಗೆ ಮನೆಮಂದಿಯೆಲ್ಲ ಸೀನುವುದಿಲ್ವಾ? ಗೋಡೆ ಒಡೆದು ಹೊರಗೆ ಹಾಕುವ ಪೈಪೇ ಒಳ್ಳೆಯದು. ಆಗದಿದ್ದರೆ ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನು ಸಾಕು.

ಹುಲೇಕಲ್ ಸೊಸೆ · ಜುಲೈ 17, ಮಧ್ಯಾಹ್ನ 12:10

ಕಫ ಪರೀಕ್ಷೆ ಆಯಿತು. ಟಿಬಿ ಇಲ್ಲ. ಎಕ್ಸ್‌ರೇ ಕೂಡ ಸರಿ ಇದೆ ಅಂದರು. ಅತ್ತೆಗೆ ಸಿಸ್ಟರ್ ಬರೆದಿದ್ದನ್ನು ಓದಿ ಹೇಳಿದೆ. "ಭತ್ತದ ಪೈರು" ಅಂದಿದ್ದಕ್ಕೆ ನಕ್ಕರು. ಆದರೆ "ನಲವತ್ತು ವರ್ಷದಿಂದ ಊದುತ್ತಿದ್ದೇನೆ, ಈಗ ಹೊಸದಾಗಿ ಹೊಗೆ ತಾಗಿತಾ" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಯಲ್ಲಾಪುರ ಮಾಸ್ತರು · ಜುಲೈ 17, ರಾತ್ರಿ 10:25

ನನ್ನ ಹತ್ತಿರ ಗಾಳಿಯಲ್ಲಿನ ಸಣ್ಣ ಕಣ ಅಳೆಯುವ ಒಂದು ಅಂಗೈ ಅಗಲದ ಮೀಟರ್ ಇದೆ, ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ತಂದಿದ್ದು. ಬಸ್ಸಿನಲ್ಲಿ ಕಳಿಸುತ್ತೇನೆ, ಒಂದು ವಾರ ಇಟ್ಟುಕೊಳ್ಳಿ. ಅದು ತೋರಿಸುವುದು PM2.5, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ. ಭಾರತದ ಮಿತಿ ದಿನದ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಒಂದು ಎಚ್ಚರಿಕೆ. ಈ ಅಗ್ಗದ ಮೀಟರುಗಳು ಕಣದ ಮೇಲೆ ಬೆಳಕು ಬಿಟ್ಟು ಎಣಿಸುತ್ತವೆ. ನಮ್ಮ ಮಳೆಗಾಲದ ತೇವದಲ್ಲಿ ನೀರಿನ ಹನಿಯನ್ನೂ ಹೊಗೆ ಅಂದುಕೊಂಡು ಜಾಸ್ತಿ ತೋರಿಸುತ್ತವೆ. ಬಚ್ಚಲಿನ ಹಬೆ ಹತ್ತಿರವಂತೂ ಇಡಲೇಬೇಡಿ. ಅಂಕಿಯನ್ನು ನಂಬುವುದಕ್ಕಿಂತ ಬೆಂಕಿ ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಎಷ್ಟು, ಇಳಿಯಲು ಎಷ್ಟು ಹೊತ್ತು ಅಂತ ನೋಡಿ.

ಹುಲೇಕಲ್ ಸೊಸೆ · ಜುಲೈ 26, ಬೆಳಿಗ್ಗೆ 10:45

ಮಾಸ್ತರೇ, ಮೀಟರ್ ವಾಪಸು ಕಳಿಸಿದ್ದೇನೆ. ಮೂರು ದಿನ ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಬರೆದುಕೊಂಡೆ. ಒಂದು ದಿನದ್ದು ಹಾಕುತ್ತೇನೆ, ಉಳಿದ ಎರಡೂ ಹೆಚ್ಚು ಕಡಿಮೆ ಹೀಗೇ.

ಐದು ಗಂಟೆಗೆ, ಬೆಂಕಿ ಹಾಕುವ ಮೊದಲು, 40ರ ಆಸುಪಾಸು. ಐದೂವರೆಗೆ ಬೆಂಕಿ. 5:40ಕ್ಕೆ 300 ದಾಟಿತು. ಆರಕ್ಕೆ 780. ಇದು ಒಲೆ ಹತ್ತಿರ ಅಲ್ಲ, ಗೋಡೆಯಾಚೆ, ಚಹಾ ಮಾಡುವ ಜಾಗದಲ್ಲಿ! ಆರೂಮುಕ್ಕಾಲಿಗೆ ಕೆಂಡ ಆಗಿ ಹೊಗೆ ನಿಂತರೂ 350 ಇತ್ತು. ನೂರಕ್ಕೆ ಇಳಿದಾಗ ಒಂಬತ್ತು ಗಂಟೆ. ಅಂದರೆ ಹೊಗೆ ಕಣ್ಣಿಗೆ ಕಾಣದೇ ಹೋದ ಮೇಲೂ ಎರಡು ಗಂಟೆ ಅಲ್ಲೇ ಇತ್ತು. ಅಷ್ಟು ಹೊತ್ತು ನಾನೂ ಅತ್ತೆಯೂ ದೋಸೆ ಹೊಯ್ಯುತ್ತಾ ಅಲ್ಲೇ ಇರುತ್ತೇವೆ.

ಸಂಜೆ ಜಗಲಿಯಲ್ಲಿ ಮಾವನ ಬೀಡಿಗೆ ಎರಡು ನಿಮಿಷ 200, ಗಾಳಿ ಬೀಸಿದರೆ ಇಲ್ಲ. ಇನ್ನೊಂದು ಕಂಡಿದ್ದು: ರಾತ್ರಿ ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಬಾಗಿಲು ಹಾಕಿದೆವು. ಬೆಳಗಿನ ತನಕ 250ರ ಕೆಳಗೆ ಬರಲೇ ಇಲ್ಲ. ಇದು ನಾನು ಯೋಚಿಸಿಯೇ ಇರಲಿಲ್ಲ.

ಯಲ್ಲಾಪುರ ಮಾಸ್ತರು · ಜುಲೈ 26, ಮಧ್ಯಾಹ್ನ 2:00

ಸೊಳ್ಳೆ ಬತ್ತಿ ಕಮ್ಮಿ ಅಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಇಡೀ ಬತ್ತಿ ಉರಿದರೆ ಬರುವ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಅಂತ ಲೆಕ್ಕ ಹಾಕಿದ್ದರು. ಕಣದ ತೂಕ ಮಾತ್ರ ಅಷ್ಟು, ಅಪಾಯ ಅಷ್ಟೇ ಅಂತ ಅರ್ಥ ಅಲ್ಲ. ಆದರೂ ನೆಗಡಿ ಆದ ಮಗು ಮಲಗುವ ಕೋಣೆಗೆ ಪರದೆಯೇ ವಾಸಿ.

ಮಿರ್ಜಾನ್ ಆಯಿ · ಜುಲೈ 26, ರಾತ್ರಿ 9:15

ನನ್ನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಎರಡು ತಿಂಗಳು. ಸ್ನಾನ ಆದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ ಮಗುವಿನ ತಲೆಗೆ ಹೊಗೆ ಹಿಡಿಯುತ್ತೇವೆ, ಶೀತ ಆಗದಿರಲಿ ಅಂತ. ಅದೂ ಬೇಡವಾ? ಈಗ ಮಗುವಿಗೆ ಮೂಗು ಕಟ್ಟಿದೆ.

ಕುಮಟಾ ಸಿಸ್ಟರ್ · ಜುಲೈ 27, ಬೆಳಿಗ್ಗೆ 7:20

ಬೇಡ ಆಯಿ. ತಲೆ ಒಣಗಿಸಬೇಕು ಅಂದರೆ ಬಟ್ಟೆಯಲ್ಲಿ ಒರೆಸಿ ಟೊಪ್ಪಿ ಹಾಕಿ, ಅಷ್ಟು ಸಾಕು. ಎರಡು ತಿಂಗಳ ಮಗು ಹೆಚ್ಚಾಗಿ ಮೂಗಲ್ಲೇ ಉಸಿರಾಡುವುದು, ಅದರ ಮೂಗಿನ ದಾರಿ ಹುಲ್ಲುಕಡ್ಡಿಯಷ್ಟು. ಸ್ವಲ್ಪ ಬಾವು ಬಂದರೂ ಹಾಲು ಕುಡಿಯಲು ಒದ್ದಾಡುತ್ತದೆ. ಮನೆಯೊಳಗಿನ ಹೊಗೆ ಸಣ್ಣ ಮಕ್ಕಳ ನ್ಯುಮೋನಿಯಾ ಅಪಾಯವನ್ನು ಹೆಚ್ಚು ಕಡಿಮೆ ಎರಡು ಪಟ್ಟು ಮಾಡುತ್ತದೆ. ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯಾ ನೋಡಿ. ಮಗು ಮಲಗಿದ್ದಾಗ ಒಂದು ನಿಮಿಷ ಉಸಿರು ಎಣಿಸಿ, 50 ಅಥವಾ ಜಾಸ್ತಿ ಇದ್ದರೆ ಮತ್ತೊಮ್ಮೆ ಎಣಿಸಿ. ಎರಡನೇ ಸಲವೂ ಹಾಗೇ ಇದ್ದರೆ, ಗುಳಿ ಬೀಳುತ್ತಿದ್ದರೆ, ಅಥವಾ ಹಾಲು ಬಿಟ್ಟರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬೆಟ್ಟದ ಮಾವ · ಜುಲೈ 27, ಬೆಳಿಗ್ಗೆ 9:30

ಎಲ್ಲ ಹೊಗೆಯೂ ಕೆಟ್ಟದ್ದು ಅಂತಾದರೆ ಹೋಮ ಮಾಡುವ ಭಟ್ಟರು ಯಾರೂ ಬದುಕಬಾರದಿತ್ತು. ಅದಿರಲಿ. ತಂಗಿ, ನಿಮ್ಮ ಒಲೆಗೆ ಹೊಗೆ ಕೊಳವೆ ಇಲ್ಲವಾ? 780 ಅಂದರೆ ಹೊಗೆ ಹೊರಗೆ ಹೋಗುತ್ತಲೇ ಇಲ್ಲ. ನಮ್ಮನೆಯದು ಕಟ್ಟಿದ ಗಾರೆಯವ ಹೇಳಿದ್ದು ನೆನಪಿದೆ: ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಬೇಕು. ಸೂರಿನ ಕೆಳಗೇ ಬಿಟ್ಟರೆ ಗಾಳಿ ಹೊಡೆದಾಗ ಹೊಗೆ ವಾಪಸು ಬರುತ್ತದೆ. ಅದನ್ನು ಮೊದಲು ನೋಡು.

ಹುಲೇಕಲ್ ಸೊಸೆ · ಆಗಸ್ಟ್ 14, ಸಂಜೆ 6:30

ಮಾವಾ, ನೀವು ಹೇಳಿದ್ದೇ ಸರಿ. ಕೊಳವೆ ಇದೆ, ಆದರೆ ಸೂರಿನ ಕೆಳಗೆ ಅಡ್ಡಕ್ಕೆ ಮುಗಿದಿತ್ತು. ಮನೆ ಕಟ್ಟಿದವರು ಹಂಚು ತೂತು ಮಾಡಲು ಹೆದರಿದ್ದರಂತೆ, ಸೋರುತ್ತದೆ ಅಂತ. ಮಳೆ ಹೊಳವಾದ ನಾಲ್ಕು ದಿನದಲ್ಲಿ ಗಾರೆಯವ ಬಂದ. ಮೊಣಕೈ ತಿರುವಿನಲ್ಲಿ ಕೈ ಹಾಕಿದರೆ ಒಂದು ಬುಟ್ಟಿ ಮಸಿ! ಕೊಳವೆ ಅರ್ಧಕ್ಕರ್ಧ ಕಟ್ಟಿತ್ತು. ಎರಡು ಹಂಚು ತೆಗೆದು ನೇರ ಮೇಲೆ ಒಯ್ದು, ತುದಿಗೆ ತಗಡಿನ ಟೊಪ್ಪಿ ಇಟ್ಟ. ಸುತ್ತ ತಗಡು ಕೂಡಿಸಿದ್ದಾನೆ, ಈ ತನಕ ಸೋರಿಲ್ಲ.

ಕಟ್ಟಿಗೆಯನ್ನೂ ಬದಲಿಸಿದೆವು. ಇಷ್ಟು ದಿನ ಕೊಟ್ಟಿಗೆ ಪಕ್ಕದ ಮಾಡಿನಲ್ಲಿತ್ತು, ಇರಚಲು ಹೊಡೆಯುತ್ತಿತ್ತು. ಈಗ ಮರುವಾರಕ್ಕೆ ಬೇಕಾದಷ್ಟನ್ನು ಹಂಡೆ ಗೋಡೆ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಹಸಿ ಕಟ್ಟಿಗೆ ಯಾವುದು ಅಂತ ಅತ್ತೆಯೇ ತೋರಿಸಿದರು. ಒಂದು ತುದಿ ಉರಿಯುವಾಗ ಇನ್ನೊಂದು ತುದಿಯಲ್ಲಿ ಚುಂಯ್ ಅಂತ ನೊರೆ ಬಂದರೆ ಹಸಿ. ಎರಡು ಒಣ ತುಂಡು ಬಡಿದರೆ ಟಣ್ ಅನ್ನುತ್ತದೆ, ಹಸಿಯದು ದಪ್ ಅನ್ನುತ್ತದೆ. ನಲವತ್ತು ವರ್ಷದ ವಿದ್ಯೆ, ನಾವು ಕೇಳಿರಲೇ ಇಲ್ಲ.

ಈಗ ಮೀಟರ್ ಇಲ್ಲ. ಆದರೆ ಆರು ಗಂಟೆಗೆ ಅಡುಗೆಮನೆಯಲ್ಲಿ ಕಣ್ಣು ಉರಿಯುವುದಿಲ್ಲ.

ಅಂಕೋಲಾ ಟೆಂಪೋ · ಆಗಸ್ಟ್ 15, ರಾತ್ರಿ 11:00

ಸಿಸ್ಟರೇ, ನಿಮ್ಮ ಮಾತು ಕೇಳಿ ಜುಲೈ 20ಕ್ಕೆ ಬಿಟ್ಟೆ. ಮೂರು ವಾರ ಕೆಮ್ಮಿ ಕೆಮ್ಮಿ ಸಾಕಾಯಿತು. ಈಗ ಬೆಳಿಗ್ಗೆ ಸ್ವಲ್ಪ ಮಾತ್ರ. ಆದರೆ ನಾನು ಎಷ್ಟು ಬಿಟ್ಟರೂ ಹೈವೇ ಧೂಳು, ಲಾರಿ ಹೊಗೆ ಕುಡಿಯುವುದೇ ಅಲ್ವಾ? ಅದಕ್ಕಿಂತ ಸಿಗರೇಟು ದೊಡ್ಡದಾ?

ಕುಮಟಾ ಸಿಸ್ಟರ್ · ಆಗಸ್ಟ್ 16, ಬೆಳಿಗ್ಗೆ 7:05

ದೊಡ್ಡದೇ ಅಣ್ಣಾ. ಹೈವೇ ಹೊಗೆ ಗಾಳಿಗೆ ಬೆರೆತು ಬರುತ್ತದೆ, ಸಿಗರೇಟಿನದು ನೇರ ಒಳಗೆ. 1982ರಲ್ಲಿ ಇಸ್ರೇಲ್ ಸೇನೆಯ ಒಂದು ಘಟಕದ 336 ಗಂಡಸರ ಲೆಕ್ಕ ಪ್ರಕಟವಾಗಿತ್ತು. ಫ್ಲೂ ಹರಡಿದಾಗ ಸೇದುವವರಲ್ಲಿ ನೂರಕ್ಕೆ 68 ಜನರಿಗೆ ತಗುಲಿತು, ಸೇದದವರಲ್ಲಿ 47. ಒಂದೇ ಶಿಬಿರ, ಒಂದೇ ಗಾಳಿ. ಅದು ಫ್ಲೂ, ನೆಗಡಿ ಅಲ್ಲ, ಅಷ್ಟು ವ್ಯತ್ಯಾಸ ನೆನಪಿಡಿ. ಲಾರಿ ಹಿಂದೆ ಹೋಗುವಾಗ ಗಾಜು ಏರಿಸಿ, ಅದೂ ಲೆಕ್ಕಕ್ಕೆ ಬರುತ್ತದೆ.

ಹುಲೇಕಲ್ ಸೊಸೆ · ಸೆಪ್ಟೆಂಬರ್ 30, ಮಧ್ಯಾಹ್ನ 3:40

ಚೌತಿಗೆ ಬಂದ ಮಕ್ಕಳಿಂದ ಅತ್ತೆಗೆ ಮತ್ತೆ ನೆಗಡಿ. ಈ ಸಲ ಮೊದಲ ದಿನದಿಂದಲೇ ಬೆಂಕಿ ಹಾಕುವ ಕೆಲಸ ನಮ್ಮವರದು, ಅವರಿಲ್ಲದ ದಿನ ನನ್ನದು. ಅತ್ತೆ ಏಳೂವರೆಗೆ ಏಳುವುದು, ಎಂಟಕ್ಕೆ ಸ್ನಾನ. ಸೊಳ್ಳೆ ಬತ್ತಿ ಬದಲು ಪರದೆ. ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಮೂಗು ಸೋರಿದ್ದು ಆರು ದಿನ. ಕೆಮ್ಮು ಒಟ್ಟು ಹದಿನೆಂಟು ದಿನ. ಜೂನಿನದು ಐದು ವಾರ ದಾಟಿ ಆರಕ್ಕೆ ಹೋಗಿ ನಿಂತಿತ್ತು.

ಬೆಟ್ಟದ ಮಾವ · ಸೆಪ್ಟೆಂಬರ್ 30, ಸಂಜೆ 5:10

ಸಂತೋಷ. ಆದರೆ ಜೂನಿನ ವೈರಸ್ಸೇ ಬೇರೆ, ಇದು ಬೇರೆ ಇರಬಹುದು. ಮಳೆಯೂ ಕಡಿಮೆ ಆಗಿದೆ. ಇಷ್ಟೆಲ್ಲ ಬದಲಾವಣೆ ಒಟ್ಟಿಗೆ ಮಾಡಿ, ಕೊಳವೆಯಿಂದಲೇ ವಾಸಿಯಾಯಿತು ಅಂದರೆ ನಾನು ಒಪ್ಪುವುದಿಲ್ಲ.

ಕುಮಟಾ ಸಿಸ್ಟರ್ · ಸೆಪ್ಟೆಂಬರ್ 30, ರಾತ್ರಿ 8:45

ಮಾವ ಹೇಳುವುದು ನ್ಯಾಯವೇ. ಒಂದು ನೆಗಡಿಯಿಂದ ತೀರ್ಮಾನ ಮಾಡಲಾಗದು. ನನಗೆ ಇನ್ನೂ ಒಂದು ಅನುಮಾನ ಇದೆ. "ನಲವತ್ತು ವರ್ಷದಿಂದ ಊದುತ್ತಿದ್ದೇನೆ" ಅಂದರಲ್ಲ ಅತ್ತೆ, ಅದೇ ನನ್ನ ಚಿಂತೆ. ಬೀಡಿ ಮುಟ್ಟದ ಹೆಂಗಸರಲ್ಲೂ ಅಷ್ಟು ವರ್ಷದ ಹೊಗೆಗೆ ಉಸಿರಿನ ಕೊಳವೆ ಕಿರಿದಾಗಿರಬಹುದು. ದಿಬ್ಬ ಹತ್ತುವಾಗ ನಿಂತು ನಿಂತು ಹೋಗುತ್ತಾರಾ? ಹಾಗಿದ್ದರೆ ಸ್ಪೈರೋಮೆಟ್ರಿ ಮಾಡಿಸಿ. ಕೊಳವೆಗೆ ಜೋರಾಗಿ ಊದಿ, ಆರು ಸೆಕೆಂಡಾದರೂ ಬಿಡದೇ ಊದುತ್ತಾ ಇರಬೇಕು, ಅಷ್ಟೆ. ಈಗಲೇ ಬೇಡ, ನೆಗಡಿ ಹೋಗಿ ಒಂದು ತಿಂಗಳಾದರೂ ಆಗಲಿ. ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ.

ಹುಲೇಕಲ್ ಸೊಸೆ · ಅಕ್ಟೋಬರ್ 2, ಬೆಳಿಗ್ಗೆ 11:00

ತೋಟದ ದರೆ ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ವಯಸ್ಸು ಅಂದುಕೊಂಡಿದ್ದೆವು. ನವೆಂಬರ್ ಮೊದಲ ವಾರ ಕರೆದುಕೊಂಡು ಹೋಗುತ್ತೇನೆ. ಊದುವುದು ಅಂದಿದ್ದಕ್ಕೆ ಅತ್ತೆ "ಅದೊಂದು ನನಗೆ ಬರುತ್ತದೆ" ಅಂದರು.

ಇನ್ನೊಂದು ಉಳಿದಿದೆ. ನವೆಂಬರಿನಲ್ಲೇ ಅಡಿಕೆ ಕೊನೆ ಕೊಯ್ಲು ಶುರು. ಅಡಿಕೆ ಬೇಯಿಸುವ ಒಲೆ ಅಂಗಳದಲ್ಲಿ, ರಾತ್ರಿ ಹತ್ತರ ತನಕ ಉರಿಯುತ್ತದೆ. ಅದಕ್ಕೆ ಕೊಳವೆಯೂ ಇಲ್ಲ, ಮಾಡೂ ಇಲ್ಲ. ಚೊಗರಿನ ಹದ ನೋಡಲು ಮನೆಯಲ್ಲಿ ಗೊತ್ತಿರುವುದು ಅತ್ತೆ ಒಬ್ಬರಿಗೇ. "ಈ ವರ್ಷ ನಾನೇ ಹಂಡೆ ಹತ್ತಿರ ನಿಲ್ಲುತ್ತೇನೆ" ಅಂತ ಮಾವ ಹೇಳಿದ್ದಾರೆ, ಬೀಡಿ ಹಚ್ಚುತ್ತಾ.